ವಕಾಲತ್ತು ಹಿಂಪಡೆದು, ಕೇಸಿನ ಫೈಲ್ ಹೊಸ ವಕೀಲರಿಗೆ ಕೊಡುವಂತೆ ಕೋರಿ ಪತ್ರ

ದಿನಾಂಕ: 10 ಫೆಬ್ರವರಿ 2025
ರಿಜಿಸ್ಟರ್ಡ್ ಅಂಚೆ ಮತ್ತು ಇಮೇಲ್ ಮೂಲಕ

ಗೆ,
ಶ್ರೀ ಕೆ. ರಾಘವೇಂದ್ರ, ವಕೀಲರು

ವಿಷಯ: ಮೂಲ ದಾವೆ ಸಂಖ್ಯೆ 214/2022, ದಾರಿ ಹಕ್ಕಿನ ಕೇಸು

ಮಾನ್ಯರೇ,

ಮೇಲಿನ ಕೇಸಿನಲ್ಲಿ ನಾನು ವಾದಿ. ನಿಮಗೆ ಕೊಟ್ಟಿದ್ದ ವಕಾಲತ್ತನ್ನು ಈ ಪತ್ರದ ಮೂಲಕ ಹಿಂಪಡೆಯುತ್ತಿದ್ದೇನೆ. ಇನ್ನು ಮುಂದೆ ನನ್ನ ಪರವಾಗಿ ಅರ್ಜಿ ಹಾಕುವುದಾಗಲಿ, ಎದುರು ಪಕ್ಷದವರ ಜೊತೆ ರಾಜಿ ಮಾತಾಡುವುದಾಗಲಿ ಬೇಡ.

ದಾವೆ ಹಾಕಿದಾಗ ನೀವು ಜಾಗಕ್ಕೇ ಬಂದು, ದಾರಿ ನೋಡಿ, ಅಳತೆ ಬರೆದುಕೊಂಡಿರಿ. ಆ ಶ್ರಮವನ್ನು ನಾನು ಮರೆತಿಲ್ಲ. ಆದರೆ ಇತ್ತೀಚೆಗೆ ವಾಯಿದೆಯಲ್ಲಿ ಏನಾಯಿತು ಎನ್ನುವುದೂ ನನಗೆ ಗೊತ್ತಾಗುತ್ತಿಲ್ಲ. ಕಮಿಷನರ್ ವರದಿ ಬಂದಿರುವ ವಿಷಯ ಎದುರು ಪಕ್ಷದವರಿಂದ ತಿಳಿಯಿತು. ಹೀಗೆ ಮುಂದುವರಿಯುವುದು ನನಗೆ ಕಷ್ಟ.

ಇನ್ನು ಮುಂದೆ ವಕೀಲರಾದ ಶ್ರೀಮತಿ ಎಸ್. ವೀಣಾ ಕೇಸು ನಡೆಸುತ್ತಾರೆ. ನಿಮ್ಮ ಒಪ್ಪಿಗೆ ಪತ್ರ ಕೊಟ್ಟರೆ ಅವರ ವಕಾಲತ್ತು ಸಲ್ಲಿಸುವುದು ಸುಲಭವಾಗುತ್ತದೆ. ಅದು ಕೋರ್ಟಿನ ದಾಖಲೆಗೆ ಸೇರುವ ಮೊದಲು ಯಾವುದೇ ನೋಟಿಸ್ ನಿಮ್ಮ ಕೈಗೆ ಬಂದರೆ ಅದೇ ದಿನ ಅವರಿಗೆ ತಿಳಿಸಿ.

ಇಡೀ ಫೈಲನ್ನು ಫೆಬ್ರವರಿ 20ರೊಳಗೆ ಅವರಿಗೆ ತಲುಪಿಸಬೇಕೆಂದು ಕೋರುತ್ತೇನೆ. ಮಾರ್ಚ್ 12ರ ವಾಯಿದೆಗೆ ಕಮಿಷನರ್ ವರದಿಗೆ ತಕರಾರು ಸಲ್ಲಿಸಬೇಕಿದೆ. ನಕ್ಷೆ ಕೈಯಲ್ಲಿಲ್ಲದೆ ಅದನ್ನು ಬರೆಯುವುದು ಹೇಗೆ? ಹಾಗಾಗಿ ವರದಿ ಮತ್ತು ನಕ್ಷೆಯ ಸ್ಕ್ಯಾನ್ ಪ್ರತಿಯನ್ನು ಈ ವಾರವೇ ಇಮೇಲ್ ಮಾಡಿದರೆ ದೊಡ್ಡ ಉಪಕಾರ. ಉಳಿದಂತೆ ದಾವಾ ಪತ್ರ, ಎದುರು ಪಕ್ಷದ ಜವಾಬು, ಮಧ್ಯಂತರ ಅರ್ಜಿಗಳು, ಆದೇಶಗಳ ನಕಲು, ನೋಟಿಸ್ ಮತ್ತು ಅಂಚೆ ರಸೀದಿಗಳು ಫೈಲಿನಲ್ಲಿರಬೇಕು.

ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು 1987ರ ಮೂಲ ಕ್ರಯಪತ್ರ. ಮೂರನೇ ಹಾಳೆಯ ಅಂಚು ಹರಿದು, ಹಿಂದೆ ಬಟ್ಟೆ ಪಟ್ಟಿ ಅಂಟಿಸಿರುವ ಪತ್ರ ಅದು. ದಾರಿಯ ಅಗಲ ಬರೆದಿರುವುದು ಅದೇ ಹಾಳೆಯಲ್ಲಿ. ಅದನ್ನು ಮಾತ್ರ ಅಂಚೆಯಲ್ಲಿ ಕಳಿಸಬೇಡಿ. ನಾನೇ ವೀಣಾ ಅವರ ಜೊತೆ ನಿಮ್ಮ ಆಫೀಸಿಗೆ ಬಂದು, ಸಹಿ ಹಾಕಿ ಪಡೆಯುತ್ತೇನೆ. ಅಫಿಡವಿಟ್‌ಗೆಂದು ನನ್ನಿಂದ ಸಹಿ ಮಾಡಿಸಿಕೊಂಡು ಬಳಸದೆ ಉಳಿದ ಹಾಳೆಗಳಿದ್ದರೆ ಅವನ್ನೂ ಅದೇ ದಿನ ಕೊಡಿ.

ಇದುವರೆಗೆ ಕೊಟ್ಟ ಫೀಸಿನ ರಸೀದಿಗಳು ನನ್ನ ಬಳಿ ಇವೆ. ಬಾಕಿ ಏನಾದರೂ ಇದೆ ಅನ್ನಿಸಿದರೆ ಯಾವ ಕೆಲಸಕ್ಕೆ ಎಷ್ಟು ಎಂದು ಲೆಕ್ಕ ಬರೆದು ಕಳಿಸಿ, ನ್ಯಾಯವಾದದ್ದನ್ನು ಕೊಡುತ್ತೇನೆ. ದಯವಿಟ್ಟು ಆ ಲೆಕ್ಕ ಮುಗಿಯುವವರೆಗೆ ಫೈಲನ್ನು ಇಟ್ಟುಕೊಳ್ಳಬೇಡಿ. ವಾಯಿದೆ ನಮಗಾಗಿ ಕಾಯುವುದಿಲ್ಲ ಅಲ್ವಾ. ಕೇಸಿನ ಗುಟ್ಟಿನ ವಿಷಯಗಳು ಮುಂದೆಯೂ ನಿಮ್ಮಲ್ಲೇ ಉಳಿಯುತ್ತವೆ ಎಂಬ ನಂಬಿಕೆ ನನಗಿದೆ.

ಈ ಪತ್ರ ತಲುಪಿದ್ದಕ್ಕೆ, ಫೈಲ್ ಪಡೆಯಲು ಯಾವ ದಿನ ಬರಬೇಕು ಎನ್ನುವುದಕ್ಕೆ ಒಂದು ಸಾಲಿನ ಇಮೇಲ್ ಉತ್ತರ ಸಾಕು.

ಇಂತಿ,
(ಸಹಿ)
ಸರೋಜಾ ಎಂ.
ವಾದಿ

ಪ್ರತಿ: ಶ್ರೀಮತಿ ಎಸ್. ವೀಣಾ, ವಕೀಲರು