2023–24ರ ಐಟಿ ರಿಟರ್ನ್: ಇನ್ನೂ ಐದು ದಾಖಲೆ ಬಾಕಿ, ಜುಲೈ 16ರ ಸಂಜೆಯೊಳಗೆ ಬೇಕು

8 ಜುಲೈ 2024

ನಮಸ್ಕಾರ ಪ್ರಕಾಶ್ ಅವರೇ,

ಹೊಸ ಕಂಪನಿಯ ಫಾರ್ಮ್ 16, ಎಲ್ಐಸಿ ರಸೀದಿ, ಪಿಪಿಎಫ್ ಪಾಸ್‌ಬುಕ್ ಪುಟ ತಲುಪಿವೆ. ಅವನ್ನು ಮತ್ತೆ ಕಳಿಸುವುದು ಬೇಡ. ಉಳಿದಿರುವುದು ಇಷ್ಟು:

1. ಹಳೇ ಕಂಪನಿಯ ಫಾರ್ಮ್ 16, 2023ರ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗಿನದು. ಪಾರ್ಟ್ ಎ, ಪಾರ್ಟ್ ಬಿ ಎರಡೂ ಇರಲಿ. ಹೊಸ ಕಂಪನಿಗೆ ಹಿಂದಿನ ಸಂಬಳದ ವಿವರ ಹೋಗಿಲ್ಲ. ಹಾಗಾಗಿ ಸ್ಟ್ಯಾಂಡರ್ಡ್ ಡಿಡಕ್ಷನ್ 50,000 ಎರಡು ಕಡೆಯೂ ಕಳೆದಿರುವ ಸಾಧ್ಯತೆಯಿದೆ, ಸ್ಲ್ಯಾಬ್ ಲಾಭವೂ ಎರಡು ಸಲ ಸಿಕ್ಕಿರುತ್ತದೆ. ಸ್ವಲ್ಪ ತೆರಿಗೆ ಕಟ್ಟಬೇಕಾಗಿ ಬರಬಹುದು, ಈಗಲೇ ಗೊತ್ತಿರಲಿ. ಎಚ್‌ಆರ್ ತಡ ಮಾಡಿದರೆ ಆ ಏಳು ತಿಂಗಳ ಪೇ ಸ್ಲಿಪ್ ಮತ್ತು ಫೈನಲ್ ಸೆಟಲ್‌ಮೆಂಟ್ ಹಾಳೆ ಕಳಿಸಿ. ಟಿಡಿಎಸ್ ಅನ್ನು ತೆರಿಗೆ ಇಲಾಖೆಯ ಕಡಿತದ ಪಟ್ಟಿಯಾದ 26ಎಎಸ್‌ನಲ್ಲಿ ತಾಳೆ ನೋಡುತ್ತೇವೆ.

2. ಬಾಡಿಗೆ ರಸೀದಿ, ಜೊತೆಗೆ ಮನೆ ಮಾಲೀಕರ ಪ್ಯಾನ್. ತಿಂಗಳಿಗೆ 14,000 ಅಂದರೆ ವರ್ಷಕ್ಕೆ 1,68,000. ಒಂದು ಲಕ್ಷ ದಾಟಿದರೆ ಪ್ಯಾನ್ ಬೇಕೇ ಬೇಕು. ಮಾಲೀಕರನ್ನು ಕೇಳಲು ಮುಜುಗರವಾಗುತ್ತದೆ, ನಿಜ, ಆದರೂ ಇವತ್ತೇ ಕೇಳಿ. ಸಾಮಾನ್ಯವಾಗಿ ಎಲ್ಲಕ್ಕಿಂತ ತಡವಾಗಿ ಬರುವುದು ಇದೇ.

3. ಗದಗದ ಮನೆ ಸಾಲದ ಬಡ್ಡಿ ಸರ್ಟಿಫಿಕೇಟ್. ನೀವು ಕಳಿಸಿದ್ದರ ಮೇಲೆ "ಪ್ರಾವಿಜನಲ್" ಎಂದಿದೆ, ಅದು ಅಂದಾಜು ಲೆಕ್ಕ. ಮಾರ್ಚ್ 31ರವರೆಗೆ ನಿಜವಾಗಿ ಕಟ್ಟಿದ ಅಸಲು ಮತ್ತು ಬಡ್ಡಿ ಬೇರೆಬೇರೆಯಾಗಿ ಬರೆದಿರುವ ಫೈನಲ್ ಪ್ರತಿ ಬೇಕು.

4. ಎಫ್‌ಡಿ ಬಡ್ಡಿ ಸರ್ಟಿಫಿಕೇಟ್. ಇಲಾಖೆಯ ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್‌ನಲ್ಲಿ 41,300 ಬಡ್ಡಿ, 4,130 ಟಿಡಿಎಸ್ ಕಾಣುತ್ತಿದೆ. ಇದನ್ನು ಬಿಟ್ಟರೆ ಇಲಾಖೆಯಿಂದ ನೋಟಿಸ್ ಬರಬಹುದು.

5. ತಂದೆ-ತಾಯಿಯ ಆರೋಗ್ಯ ವಿಮೆಯ ಪ್ರೀಮಿಯಂ ರಸೀದಿ. ಪ್ರೀಮಿಯಂ ನಗದಾಗಿ ಕಟ್ಟಿದ್ದರೆ 80ಡಿ ವಿನಾಯಿತಿ ಸಿಗುವುದಿಲ್ಲ.

ಎಲ್ಲವೂ ಪಿಡಿಎಫ್ ಆಗಿರಲಿ. ಫೋಟೋ ತೆಗೆದರೆ ಅಂಚು ಕತ್ತರಿಸದೆ, ಇಡೀ ಪುಟ ಬರುವಂತೆ ತೆಗೆಯಿರಿ. ಕಡತದ ಹೆಸರಿಗೆ ಮೇಲಿನ ಕ್ರಮಸಂಖ್ಯೆ ಹಾಕಿದರೆ ಸಾಕು. ಒಂದೊಂದಾಗಿ ಕಳಿಸಿದರೂ ಅಡ್ಡಿಯಿಲ್ಲ.

ಕೊನೆಯ ಸಮಯ: ಜುಲೈ 16, ಮಂಗಳವಾರ ಸಂಜೆ 6 ಗಂಟೆ. ಮರುದಿನ ಮೊಹರಂ ರಜೆ. 18ರಂದು ಲೆಕ್ಕ ಮಾಡಿ, 20ಕ್ಕೆ ಕರಡು ನಿಮಗೆ ಕಳಿಸುತ್ತೇವೆ. ನೀವು ಸರಿ ಎಂದರೆ 22ಕ್ಕೆ ಫೈಲ್ ಮಾಡುತ್ತೇವೆ.

ಈ ತಾರೀಕಿನಲ್ಲಿ ಸಡಿಲ ಕೊಡಲು ಆಗದು. ಜುಲೈ 31 ದಾಟಿದರೆ ನಿಮ್ಮ ಆದಾಯಕ್ಕೆ 5,000 ತಡ ಶುಲ್ಕ, ಬಾಕಿ ತೆರಿಗೆ ಮೇಲೆ ತಿಂಗಳಿಗೆ ಶೇ 1 ಬಡ್ಡಿ. ಅದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ: ಹಳೇ ತೆರಿಗೆ ಪದ್ಧತಿ ಆರಿಸುವ ಅವಕಾಶವೇ ಹೋಗುತ್ತದೆ. ಆಗ ಎಚ್‌ಆರ್‌ಎ, ಗದಗದ ಮನೆಯ ಬಡ್ಡಿ, 80ಸಿ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. 16ರ ಸಂಜೆಗೆ ದಾಖಲೆ ಬಾರದ ವಿನಾಯಿತಿಯನ್ನು ಕರಡಿನಲ್ಲಿ ಸೇರಿಸುವುದಿಲ್ಲ.

ಯಾವುದಾದರೂ ಸಿಗುವುದು ಕಷ್ಟವೆನಿಸಿದರೆ 12ರ ಶುಕ್ರವಾರದೊಳಗೆ ಕ್ರಮಸಂಖ್ಯೆಯಷ್ಟೇ ಬರೆದು ತಿಳಿಸಿ. ಬೇರೆ ದಾರಿ ಇದ್ದರೆ ಹೇಳುತ್ತೇವೆ. ಬೆಳಿಗ್ಗೆ 10ರಿಂದ 1ರವರೆಗೆ ಆಫೀಸಿಗೆ ಫೋನ್ ಮಾಡಿದರೂ ಆದೀತು.

ವಂದನೆಗಳೊಂದಿಗೆ,
ಸವಿತಾ
ತೆರಿಗೆ ಸಲಹಾ ವಿಭಾಗ, ಹುಬ್ಬಳ್ಳಿ