ವಂದನಾರ್ಪಣೆ: ನಮ್ಮ ಎರಡು ದಿನದ ಕಾಲೇಜು ಫೆಸ್ಟ್‌ನ ಸಮಾರೋಪದಲ್ಲಿ

ಎಲ್ಲರಿಗೂ ನಮಸ್ಕಾರ.

ಬಹುಮಾನ ವಿತರಣೆ ಮುಗಿಯಿತು, ಬಸ್ಸಿನ ಹೊತ್ತೂ ಆಯಿತು. ಸೊರಬ, ಹೊಸನಗರದ ಕಡೆ ಹೋಗುವವರು ಆಗಲೇ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಕೂತಿದ್ದೀರಿ. ಆದರೂ ಒಂದು ಏಳು ನಿಮಿಷ ಕೂತಿರಿ, ದಯವಿಟ್ಟು. ಸಹಾಯ ಮಾಡಿದ ಎಲ್ಲರ ಹೆಸರನ್ನೂ ಹಿಂದಿನ ಪರದೆಯ ಮೇಲೆ ಹಾಕಿದ್ದೇವೆ, ಅದು ಓಡುತ್ತಿರಲಿ. ಅವರು ಏನು ಮಾಡಿದರು ಅನ್ನೋದನ್ನ ನಾನು ಹೇಳುತ್ತೇನೆ. ಅದು ಪರದೆಯ ಮೇಲೆ ಹಿಡಿಸುವುದಿಲ್ಲ.

ಮೊದಲು ನಮ್ಮ ಮುಖ್ಯ ಅತಿಥಿಗಳು. ಡೊಳ್ಳು ಹೊತ್ತುಕೊಂಡು ಊರೂರು ಸುತ್ತಿದ ಹಿರಿಯ ಕಲಾವಿದರು ಇವರು. ನಿನ್ನೆ ಬೆಳಿಗ್ಗೆ ಉದ್ಘಾಟನೆ ಮುಗಿಸಿ ಹೊರಡುತ್ತಾರೆ ಅಂದುಕೊಂಡಿದ್ದೆವು. ಅವರು ಹೊರಡಲಿಲ್ಲ. ಎರಡೂ ದಿನ ನಮ್ಮ ಜೊತೆ ಸಾಲಿನಲ್ಲಿ ನಿಂತು ಊಟ ಮಾಡಿದರು, ಗ್ರೀನ್ ರೂಮಿಗೆ ಬಂದು ಪಕ್ಕದ ಕಾಲೇಜಿನ ಹುಡುಗರಿಗೆ ಡೊಳ್ಳಿನ ಹಗ್ಗ ಹೇಗೆ ಬಿಗಿಯಬೇಕು ಅಂತ ತೋರಿಸಿದರು. ಅಜ್ಜಾ, ನಿಮಗೆ ಇಡೀ ಕಾಲೇಜಿನ ಪರವಾಗಿ ಕೈಮುಗಿಯುತ್ತೇನೆ.

ಅಧ್ಯಕ್ಷತೆ ವಹಿಸಿದ ನಮ್ಮ ಪ್ರಾಂಶುಪಾಲರಿಗೆ ವಂದನೆಗಳು. ಸರ್, ಎರಡು ವರ್ಷದಿಂದ ನಿಂತಿದ್ದ ಫೆಸ್ಟ್ ಮತ್ತೆ ಮಾಡುತ್ತೇವೆ ಅಂತ ನಾವು ಚೇಂಬರಿಗೆ ಬಂದಾಗ ನೀವು ಕೇಳಿದ್ದು ಒಂದೇ ಪ್ರಶ್ನೆ, "ಹುಡುಗಿಯರು ಸಂಜೆ ಮನೆ ಹೇಗೆ ಸೇರುತ್ತಾರೆ?" ಅಂತ. ಅದಕ್ಕೇ ಎರಡೂ ದಿನ ಐದೂವರೆಗೆ ಮುಗಿಸುವ ಹಾಗೆ ಕಾರ್ಯಕ್ರಮ ಪಟ್ಟಿ ಮಾಡಿದೆವು. ಕಾಲೇಜು ಅಭಿವೃದ್ಧಿ ಸಮಿತಿಯ ಎಲ್ಲ ಸದಸ್ಯರಿಗೂ ಧನ್ಯವಾದಗಳು.

ಈಗ ನಮ್ಮ ಪ್ರಾಯೋಜಕರು. ಇಲ್ಲಿ ಲೆಕ್ಕವನ್ನೇ ಹೇಳಿಬಿಡುತ್ತೇನೆ, ಕೊಟ್ಟವರಿಗೆ ಅದು ತಿಳಿಯಬೇಕು. ಒಟ್ಟು ಖರ್ಚು 1,85,000 ರೂಪಾಯಿ. ಕಾಲೇಜಿನಿಂದ ಬಂದಿದ್ದು 45,000, ಪ್ರವೇಶ ಶುಲ್ಕದಿಂದ 32,000. ಉಳಿದ 1,08,000 ರೂಪಾಯಿ ಸಾಗರ ಪೇಟೆಯವರು ಮತ್ತು ನಮ್ಮ ಹಳೆ ವಿದ್ಯಾರ್ಥಿಗಳು ಕೊಟ್ಟಿದ್ದು. ಅಡಿಕೆ ಮಂಡಿಯ ವರ್ತಕರು ಸೇರಿ 40,000 ಕೊಟ್ಟರು, ಅದೂ ನಾವು ಕೇಳಲು ಹೋದ ಮೊದಲನೇ ದಿನವೇ. ಅಷ್ಟು ಹೊತ್ತಿಗೆ ನಮ್ಮ ಹತ್ತಿರ ರಸೀದಿ ಪುಸ್ತಕವೂ ಇರಲಿಲ್ಲ. ಬಸ್ ಸ್ಟ್ಯಾಂಡ್ ಎದುರಿನ ಬಟ್ಟೆ ಅಂಗಡಿಯವರು ಎಲ್ಲ ನಗದು ಬಹುಮಾನವನ್ನೂ ವಹಿಸಿಕೊಂಡರು. ಪ್ರಿಂಟಿಂಗ್ ಪ್ರೆಸ್‌ನವರು ಪ್ರಮಾಣಪತ್ರಕ್ಕೆ ಕಾಗದದ ದುಡ್ಡು ಮಾತ್ರ ತೆಗೆದುಕೊಂಡರು. ಮೆಡಿಕಲ್ ಶಾಪಿನ ಅಕ್ಕ ಓಆರ್‌ಎಸ್ ಪೊಟ್ಟಣದ ಎರಡು ಡಬ್ಬ ಕಳಿಸಿದರು, ಯಾರೂ ಕೇಳಿರಲಿಲ್ಲ. ನಿನ್ನೆಯ ಬಿಸಿಲಿನಲ್ಲಿ ಕಬಡ್ಡಿ ಆಡಿದವರಿಗೆ ಅದರ ಬೆಲೆ ಗೊತ್ತು. ನಮ್ಮ ಹಳೆ ವಿದ್ಯಾರ್ಥಿಗಳು ಬೆಂಗಳೂರಿನಿಂದ, ದುಬೈನಿಂದ ಸಣ್ಣ ಸಣ್ಣ ಮೊತ್ತ ಹಾಕಿದ್ದಾರೆ. ಐನೂರು ಕಳಿಸಿದವರಿಗೂ ರಸೀದಿ ಹೋಗುತ್ತದೆ. ಪೂರ್ತಿ ಲೆಕ್ಕ ಸೋಮವಾರ ನೋಟಿಸ್ ಬೋರ್ಡಿನಲ್ಲಿ ಇರುತ್ತದೆ, ಎಲ್ಲರೂ ನೋಡಿ.

ಹದಿನಾಲ್ಕು ಕಾಲೇಜುಗಳಿಂದ ಬಂದ ತೀರ್ಪುಗಾರರಿಗೆ, ತಂಡಗಳ ಜೊತೆ ಬಂದ ಅಧ್ಯಾಪಕರಿಗೆ ಧನ್ಯವಾದಗಳು. ನಮ್ಮ ಸಾಂಸ್ಕೃತಿಕ ಸಮಿತಿಯ ಸಂಚಾಲಕಿ ಮೇಡಂ, ತಿಂಗಳಿಡೀ ನಿಮ್ಮ ಮಧ್ಯಾಹ್ನದ ಊಟದ ಹೊತ್ತು ನಮ್ಮ ಮೀಟಿಂಗಿಗೆ ಹೋಯಿತು. ಡಬ್ಬಿ ಮುಚ್ಚಿಟ್ಟು ನಮ್ಮ ಜಗಳ ಬಿಡಿಸಿದ್ದೀರಿ. ವೇದಿಕೆಯ ಹಿಂದೆ ಕಾಣುವ ಈ ಹಸೆ ಚಿತ್ತಾರ ಕನ್ನಡ ವಿಭಾಗದ ಸರ್ ಅವರ ಯೋಚನೆ. ಫ್ಲೆಕ್ಸ್ ಬೇಡ, ನಮ್ಮ ಮನೆಗಳ ಗೋಡೆಯ ಮೇಲಿರೋದನ್ನೇ ಇಲ್ಲಿ ತರೋಣ ಅಂದರು. ಕೆಮ್ಮಣ್ಣು ಬಳಿದ ಬಟ್ಟೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ. ಎಳೆ ಎಳೆಯಾಗಿ ಬರೆದವರು ನಮ್ಮ ಇಬ್ಬರು ವಿದ್ಯಾರ್ಥಿನಿಯರು ಮತ್ತು ಅವರ ಅಮ್ಮಂದಿರು. ಆ ಅಮ್ಮಂದಿರು ಮೂರನೇ ಸಾಲಿನಲ್ಲಿ ಕೂತಿದ್ದಾರೆ. ಒಮ್ಮೆ ಎದ್ದು ನಿಲ್ಲಿ ಅಮ್ಮಾ, ಎಲ್ಲರೂ ನೋಡಲಿ.

ಕಚೇರಿ ಸಿಬ್ಬಂದಿಗೆ ನಾವು ಕೊಟ್ಟ ಕಷ್ಟ ಜಾಸ್ತಿ. 212 ಪ್ರಮಾಣಪತ್ರಗಳಿಗೆ ಕೈಯಲ್ಲೇ ಹೆಸರು ಬರೆದವರು ಅಲ್ಲಿಯ ಮೇಡಂ. ತಪ್ಪು ಸ್ಪೆಲ್ಲಿಂಗ್ ಕೊಟ್ಟವರು ನಾವು, ಮತ್ತೆ ಬರೆದವರು ಅವರು. ನಮ್ಮ ಅಟೆಂಡರ್ ಅಣ್ಣ ಎರಡೂ ದಿನ ಬೆಳಿಗ್ಗೆ ಆರಕ್ಕೆ ಗೇಟು ತೆಗೆದರು, ನಿನ್ನೆ ರಾತ್ರಿ ಕೊನೆಯ ಬಲ್ಬ್ ಆರಿಸಿದವರೂ ಅವರೇ. ಶೌಚಾಲಯ ಎರಡು ದಿನವೂ ಸ್ವಚ್ಛವಾಗಿತ್ತು. ಹೊರಗಿನಿಂದ ಬಂದ ಹುಡುಗಿಯರು ನನ್ನ ಹತ್ತಿರ ಬಂದು ಇದನ್ನೇ ಮೊದಲು ಹೇಳಿದರು. ಅದು ನಮ್ಮ ಮೂವರು ಸ್ವಚ್ಛತಾ ಸಿಬ್ಬಂದಿ ಅಕ್ಕಂದಿರ ಕೆಲಸ. ಅಕ್ಕಾ, ತುಂಬಾ ಥ್ಯಾಂಕ್ಸ್.

ಅಡುಗೆ ಭಟ್ಟರು ಮತ್ತು ಅವರ ತಂಡಕ್ಕೆ ನಮಸ್ಕಾರ. 600 ಜನಕ್ಕೆ ಅಂತ ಹೇಳಿದ್ದೆವು, ಇವತ್ತು ಬಂದಿದ್ದು 700ಕ್ಕೂ ಹೆಚ್ಚು. ಕೊನೆಗೆ ಬಂದವರ ಹಾಳೆ ತಟ್ಟೆಗೂ ಪಾಯಸ ಬಿತ್ತು.

ಈಗ ಸ್ವಯಂಸೇವಕರು. ಇಲ್ಲಿ ಸ್ವಲ್ಪ ಹೊತ್ತು ತೆಗೆದುಕೊಳ್ಳುತ್ತೇನೆ.

ಇವತ್ತು ಮಧ್ಯಾಹ್ನ ಮೂರೂ ಮುಕ್ಕಾಲಿಗೆ ಏನಾಯಿತು ಅಂತ ಎಲ್ಲರಿಗೂ ಗೊತ್ತು. ಮಾರ್ಚ್ ತಿಂಗಳಲ್ಲಿ ಇಷ್ಟು ಮಳೆ ಬರುತ್ತೆ ಅಂತ ಯಾರೂ ಎಣಿಸಿರಲಿಲ್ಲ. ಶಾಮಿಯಾನ ಸೋರತೊಡಗಿತು, ಕರೆಂಟು ಹೋಯಿತು, ಜಾನಪದ ನೃತ್ಯದ ಫೈನಲ್‌ಗೆ ಐದು ತಂಡ ಬಣ್ಣ ಹಚ್ಚಿಕೊಂಡು ಕಾಯುತ್ತಿದ್ದವು. ದೈಹಿಕ ಶಿಕ್ಷಣ ನಿರ್ದೇಶಕರು ಒಂದೇ ಮಾತು ಹೇಳಿದರು: "ಮೊದಲು ವೈರು, ಆಮೇಲೆ ಕುರ್ಚಿ." ಸೌಂಡ್ ಸಿಸ್ಟಮ್‌ನ ಅಣ್ಣ ಮೇನ್ ಆಫ್ ಮಾಡಿ ಬಂದು ಸರಿ ಅಂದ ಮೇಲೆ ಎನ್‌ಸಿಸಿ ಹುಡುಗರು ವೈರುಗಳನ್ನು ಸುತ್ತಿದರು. ಎನ್ನೆಸ್ಸೆಸ್ ಹುಡುಗಿಯರು ಸಾಲಾಗಿ ನಿಂತು ಕೈಯಿಂದ ಕೈಗೆ 300 ಕುರ್ಚಿಗಳನ್ನು ಈ ಸಭಾಂಗಣಕ್ಕೆ ದಾಟಿಸಿದರು. ನೋಂದಣಿ ಟೇಬಲ್ಲಿನ ಇಬ್ಬರು ತಮ್ಮ ಜರ್ಕಿನ್ ಬಿಚ್ಚಿ ಪ್ರಮಾಣಪತ್ರದ ಕಟ್ಟಿಗೆ ಸುತ್ತಿದರು, ತಾವು ನೆನೆದರು. ಇಪ್ಪತ್ತೈದು ನಿಮಿಷದಲ್ಲಿ ಸಭಾಂಗಣ ತಯಾರಾಯಿತು, ಜನರೇಟರ್ ಶುರುವಾಯಿತು. ಒಬ್ಬರಿಗೂ ಪೆಟ್ಟಾಗಲಿಲ್ಲ. ಆ ಇಪ್ಪತ್ತೈದು ನಿಮಿಷ ಬಂದವರು ಯಾರೂ ಮನೆಗೆ ಹೋಗಲಿಲ್ಲ, ಯಾಕೆ ಅಂದರೆ ಅಜ್ಜ ಕಾರಿಡಾರಿನಲ್ಲಿ ಡೊಳ್ಳು ಕಟ್ಟಿಕೊಂಡು ನಿಂತಿದ್ದರು. ಮೈಕ್ ಇಲ್ಲ ಅಜ್ಜ ಅಂದೆ. "ಡೊಳ್ಳಿಗೆ ಎಂಥ ಮೈಕು ಮಗಾ" ಅಂದರು. ತಂಡಿಗೆ ಚರ್ಮ ಸಡಿಲವಾಗಿದ್ದ ಡೊಳ್ಳನ್ನು ಮತ್ತೆ ಮತ್ತೆ ಬಿಗಿದು ಬಾರಿಸಿದರು. ಆ ಶಬ್ದ ಮಳೆಗಿಂತ ಜೋರಾಗಿತ್ತು, ಅಲ್ವಾ?

ಮೊದಲ ವರ್ಷದ ಸ್ವಯಂಸೇವಕರೇ, ನಿಮ್ಮಲ್ಲಿ ತುಂಬಾ ಜನ ಒಂದೇ ಒಂದು ಸ್ಪರ್ಧೆಯನ್ನೂ ಪೂರ್ತಿ ನೋಡಲಿಲ್ಲ. ಪಾರ್ಕಿಂಗ್‌ನಲ್ಲಿ, ನೀರಿನ ಕ್ಯಾನ್ ಹತ್ತಿರ, ಗೇಟಿನಲ್ಲಿ ಇದ್ದಿರಿ. ನನಗೆ ಗೊತ್ತು. ನಿಮ್ಮ ಸೀನಿಯರ್ ಆಗಿ ನನಗೆ ಹೆಮ್ಮೆ ಇದೆ.

ಸ್ಪರ್ಧಿಗಳಿಗೆ, ಗೆದ್ದವರಿಗೆ, ಮಳೆಯಲ್ಲೂ ಬಣ್ಣ ಅಳಿಸದೆ ಕಾದ ಐದೂ ತಂಡಗಳಿಗೆ ಧನ್ಯವಾದಗಳು. ಎರಡು ದಿನ ಬಂದೋಬಸ್ತ್‌ಗೆ ಬಂದ ಪೊಲೀಸ್ ಸಿಬ್ಬಂದಿಗೆ, ಪತ್ರಿಕೆಯವರಿಗೆ, ಪೋಷಕರಿಗೆ, ಕಾಂಪೌಂಡ್ ಗೋಡೆಯ ಆಚೆ ಎರಡು ದಿನ ನಮ್ಮ ಗದ್ದಲ ಸಹಿಸಿಕೊಂಡ ಅಕ್ಕಪಕ್ಕದ ಮನೆಯವರಿಗೆ ವಂದನೆಗಳು.

ಎರಡು ವಿಷಯ ಹೇಳಿ ಮುಗಿಸುತ್ತೇನೆ. ಮಳೆಯ ಗಡಿಬಿಡಿಯಲ್ಲಿ ಬಿಟ್ಟುಹೋದ ಚಪ್ಪಲಿ, ಛತ್ರಿ, ಒಂದು ಜೊತೆ ಗೆಜ್ಜೆ ಕಚೇರಿಯಲ್ಲಿವೆ, ತೆಗೆದುಕೊಂಡು ಹೋಗಿ. ಹೊಸನಗರದ ಕಡೆಯವರಿಗೆ ಹೊರಗೆ ವ್ಯಾನ್ ನಿಂತಿದೆ, ಹುಡುಗಿಯರು ಮೊದಲು ಹತ್ತಲಿ, ಜೊತೆಗೆ ಇಬ್ಬರು ಮೇಡಂ ಬರುತ್ತಾರೆ.

ಈಗ ರಾಷ್ಟ್ರಗೀತೆ. ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ.