ನಿಮ್ಮ ಬೀದರ್ ಫೋಟೋಗಳ ಬಗ್ಗೆ

ನಮಸ್ಕಾರ್ರಿ. ಆ್ಯಪ್‌ನಲ್ಲಿ ಮ್ಯಾಚ್ ಆದಮೇಲೆ ಊರು, ಕೆಲಸ ಅಂತ ಮಾತಾಡಿದ್ದೇ ಆಯ್ತು. ನಿಮ್ಮ ಪ್ರೊಫೈಲ್‌ನಲ್ಲಿ ನನಗೆ ಹಿಡಿಸಿದ್ದು ಏನು ಅಂತ ಹೇಳಲೇ ಇಲ್ಲ. ಇವತ್ತು ಬರೀತೀನಿ, ಸ್ವಲ್ಪ ಉದ್ದ ಆಗಬಹುದು.

ಮೊದಲು ರಂಗೀನ್ ಮಹಲ್‌ನ ಆ ಫೋಟೋ. ಕೋಟೆಗೆ ಬಂದವರು ಜಾಸ್ತಿ ಕಟ್ಟಡದ ಮುಂದೆ ನಿಂತು ತೆಗೆಸಿಕೊಳ್ತಾರೆ. ನೀವು ಕರಿಕಲ್ಲಿನಲ್ಲಿ ಕೂರಿಸಿದ ಮುತ್ತಿನ ಚಿಪ್ಪಿನ ಬಳ್ಳಿಯೊಂದನ್ನೇ ಹತ್ತಿರದಿಂದ ತೆಗೆದಿದ್ದೀರಿ. ಚಿಪ್ಪು ಉದುರಿ ಬರೀ ಗುಳಿ ಉಳಿದ ಜಾಗವನ್ನೂ ಬಿಟ್ಟಿಲ್ಲ. ಚೆಂದ ಇರೋ ಭಾಗವನ್ನಷ್ಟೇ ತೋರಿಸಬಹುದಿತ್ತು, ಅಲ್ವಾ? ಆದರೆ ಆ ಗುಳಿ ನೋಡಿದಾಗಲೇ ನನಗೆ ಗೊತ್ತಾಗಿದ್ದು, ಒಂದೊಂದು ಎಲೆಗೂ ಕಲ್ಲನ್ನ ಎಷ್ಟು ಅಳತೆ ಹಿಡಿದು ಕೊರೆದಿದ್ದಾರೆ ಅಂತ. ಹಂಗೆ ನೋಡೋ ಕಣ್ಣು ಎಲ್ಲರಿಗೂ ಇರಲ್ಲರಿ.

ಆಮೇಲೆ ಬಿದ್ರಿ ಹೂಜಿಯ ಫೋಟೋ. ಅದರ ಕೆಳಗೆ "ಮಾಡಿದವರು ನಮ್ಮ ಓಣಿಯ ಚಾಚಾ, ಅವರನ್ನ ಕೇಳಿಯೇ ಹಾಕಿದ್ದು" ಅಂತ ಬರೆದಿದ್ದೀರಿ. ಬೆಳ್ಳಿ ತಂತಿ ಬಡಿದು ಕೂರಿಸೋದು, ಕೋಟೆಯ ಮಣ್ಣಿನಿಂದ ಲೋಹ ಕಪ್ಪಾದರೂ ಬೆಳ್ಳಿ ಬಿಳಿಯಾಗೇ ಉಳಿಯೋದು, ಎಲ್ಲಾ ನಾಲ್ಕು ಸಾಲಲ್ಲಿ ತಿಳಿಸಿದ್ದೀರಿ. ಬಿದ್ರಿ ಬಗ್ಗೆ ಬರೆಯೋರು ಬಹಳ ಜನ ಇದ್ದಾರೆ. ಮಾಡಿದವರನ್ನ ನೆನೆಯೋರು, ಅವರ ಒಪ್ಪಿಗೆ ಕೇಳೋರು ಕಡಿಮೆ. ನಿಮ್ಮ ಬಗ್ಗೆ ನನಗೆ ಗೌರವ ಬಂದಿದ್ದು ಅಲ್ಲೇ.

ಇನ್ನೊಂದು ಮಾತು. ಗವಾನ್ ಮದರಸಾವನ್ನ ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದೀನಿ ಅಂದಾಗ "ಕಲಬುರಗಿಯಲ್ಲಿದ್ದು ಇಷ್ಟೂ ನೋಡಿಲ್ವಾ?" ಅಂತ ನೀವು ಕೇಳಲಿಲ್ಲ. 1472ರ ಕಟ್ಟಡ, ಒಂದು ಮಿನಾರ್ ಮಾತ್ರ ಉಳಿದಿದೆ, ಅದರ ಬುಡದಲ್ಲಿ ನಿಂತು ಬಣ್ಣದ ಹೆಂಚು ಎಲ್ಲೆಲ್ಲಿ ಉಳಿದಿದೆ ಹುಡುಕ್ರಿ ಅಂದ್ರಿ. ಗೊತ್ತಿರೋದನ್ನ ಎದುರಿನವರಿಗೆ ತಾವು ಸಣ್ಣವರು ಅನ್ನಿಸದ ಹಾಗೆ ಹೇಳ್ತೀರಿ. ನಿಮ್ಮ ಜೊತೆ ಮಾತಾಡೋಕೆ ಹಾಯಾಗಿ ಅನ್ನಿಸೋದು ಅದಕ್ಕೇ.

ಸುಮ್ನೆ ಹೊಗಳಬೇಕು ಅಂತ ಬರೆದಿದ್ದಲ್ಲ. ಇದಕ್ಕೆ ಪ್ರತಿಯಾಗಿ ನನ್ನ ಬಗ್ಗೆ ಏನಾದರೂ ಹೇಳಲೇಬೇಕು ಅಂತಾನೂ ಇಲ್ಲ.

ಒಂದು ಕೇಳ್ತೀನಿ. ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಗುಮ್ಮಟದೊಳಗೆ ಬಣ್ಣದ ಚಿತ್ರಗಳಿವೆ, ಅದೇ ಜಾಗಕ್ಕೆ ಅಲ್ಲಮಪ್ರಭು ಅಂತ ಕೈಮುಗಿಯೋರೂ ಬರ್ತಾರೆ ಅಲ್ವಾ? ಅಲ್ಲಿನ ಒಂದು ಫೋಟೋನೂ ನಿಮ್ಮ ಪ್ರೊಫೈಲ್‌ನಲ್ಲಿ ಕಾಣಲಿಲ್ಲ. ಬೇಕಂತಲೇ ಹಾಕಿಲ್ವಾ, ಇಲ್ಲ ಒಳಗೆ ಬೆಳಕು ಸಾಲಲ್ವಾ? ಬಿಡುವಾದಾಗ ಬರೀರಿ, ಅವಸರ ಏನಿಲ್ಲ.